ರಾತ್ರಿ ಲೆಕ್ಕವೋ, ತಾರೀಖಿನ ಲೆಕ್ಕವೋ? ರೂಮ್ ಬುಕ್ ಮಾಡೋ ಮೊದಲು ಇದನ್ನ ಕೇಳಿ

(ಈ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಇವತ್ತು ಒಂದು ಸಣ್ಣ ಲೆಕ್ಕದ ವಿಷಯ. ಒಂದನೇ ಕ್ಲಾಸಿನ ಕೂಡು, ಕಳಿ ಅಷ್ಟೇ. ಆದರೆ ಇದೇ ಲೆಕ್ಕ ತಪ್ಪಿ ನಾನು, ನಮ್ಮಮ್ಮ, ಎಪ್ಪತ್ತೆಂಟು ವರ್ಷದ ನಮ್ಮಜ್ಜಿ ಮೂವರೂ ನಡುರಾತ್ರಿ ಹೊಸಪೇಟೆಯ ಒಂದು ಹೋಟೆಲಿನ ಸೋಫಾ ಮೇಲೆ ಬ್ಯಾಗ್ ತಬ್ಕೊಂಡು ಕೂತಿದ್ವಿ. ಮೊದಲು ಆ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಇವತ್ತು ಹೇಳಬೇಕಾದ ಎಲ್ಲಾ ವಿಷಯವೂ ಅದರೊಳಗೇ ಇದೆ.

ಆ ರಾತ್ರಿ ಏನಾಯ್ತು

ಅಜ್ಜಿಗೆ ಹಂಪಿ ವಿರೂಪಾಕ್ಷನ ದರ್ಶನ ಆಗಬೇಕಿತ್ತು. ನವೆಂಬರ್ 14, ಶುಕ್ರವಾರ. ಸಂಜೆ ಐದಕ್ಕೆ ಬೆಂಗಳೂರು ಬಿಡೋ ಬಸ್. ಚಿತ್ರದುರ್ಗದ ಹತ್ತಿರ ಊಟಕ್ಕೆ ನಿಲ್ಲಿಸಿ ಹೊಸಪೇಟೆ ಸೇರುವಾಗ ಮಧ್ಯರಾತ್ರಿ ದಾಟುತ್ತೆ ಅಂತ ಗೊತ್ತಿತ್ತು. ಶನಿವಾರ ಪೂರ್ತಿ ಹಂಪಿ ನೋಡೋದು, ಭಾನುವಾರ ಬೆಳಗ್ಗೆ ವಾಪಸ್ ಹೊರಡೋದು ಅಂತ ಪ್ಲಾನ್.

ಎರಡು ವಾರ ಮೊದಲೇ ಆ್ಯಪ್ ತೆಗೆದೆ. ಚೆಕ್-ಇನ್ ಯಾವತ್ತು ಅಂತ ಕೇಳ್ತು. ನಾನು ಬಹಳ ಬುದ್ಧಿವಂತನ ಹಾಗೆ ಯೋಚನೆ ಮಾಡಿದೆ: ತಲುಪೋದು ರಾತ್ರಿ ಹನ್ನೆರಡರ ಮೇಲೆ, ಅಷ್ಟೊತ್ತಿಗೆ ತಾರೀಖು ಬದಲಾಗಿರುತ್ತೆ, ಹಾಗಾಗಿ 15. ಚೆಕ್-ಔಟ್ 16. ಹದಿನೈದು, ಹದಿನಾರು, ಎರಡು ದಿನ ಆಯ್ತಲ್ಲ ಅಂತ ದುಡ್ಡು ಕಟ್ಟಿಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ `1 Night` ಅಂತ ಬರೆದಿತ್ತು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ರಾತ್ರಿ 12.40ಕ್ಕೆ ಹೋಟೆಲ್ ಮುಂದೆ ಆಟೋ ನಿಲ್ತು. ರಿಸೆಪ್ಷನ್‌ನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, ತುಂಬಾ ಮರ್ಯಾದೆಯಿಂದಲೇ ಹೇಳಿದ: "ಸರ್, ನಿಮ್ಮ ಬುಕಿಂಗ್ ಇದೆ. ಆದ್ರೆ ಅದು ಇವತ್ತು ಮಧ್ಯಾಹ್ನ ಹನ್ನೆರಡರಿಂದ ಶುರು. ಈಗಿನ ರಾತ್ರಿಗೆ ನಿಮ್ಮ ರೂಮ್‌ನಲ್ಲಿ ಬೇರೆಯೋರು ಮಲಗಿದಾರೆ."

ನಾನು ಫೋನ್ ತೋರಿಸಿದೆ. "ನೋಡಿ, 15 ಅಂತಿದೆ. ಈಗ 15 ತಾನೇ?"

"ಹೌದು ಸರ್. 15ರ ರಾತ್ರಿ ನಿಮ್ಮದು. ಈಗ ನಡೀತಾ ಇರೋದು 14ರ ರಾತ್ರಿ."

ಹಂಪಿ ಸೀಸನ್, ವೀಕೆಂಡ್ ಬೇರೆ. ಒಂದೂ ರೂಮ್ ಖಾಲಿ ಇಲ್ಲ. ಆಗ ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಂದು ಮಾತು ಹೇಳಿದ್ರು. "ಅವನು ಹೇಳ್ತಿರೋದು ಸರಿಯಾಗೇ ಇದೆಯಲ್ಲೋ. ಸೂರ್ಯ ಹುಟ್ಟೋ ತನಕ ಇನ್ನೂ ಶುಕ್ರವಾರವೇ."

ಆವಾಗ ಕೋಪ ಬಂದಿತ್ತು. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯ್ತು, ಹೋಟೆಲಿನ ಇಡೀ ಲೆಕ್ಕವನ್ನ ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ರು ಅಂತ.

ಹೋಟೆಲ್ ಮಾರೋದು ರಾತ್ರಿಯನ್ನ

ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯೋದಯಕ್ಕೆ. ಗಡಿಯಾರದಲ್ಲಿ ಬದಲಾಗೋದು ರಾತ್ರಿ ಹನ್ನೆರಡಕ್ಕೆ. ಬುಕಿಂಗ್ ವಿಷಯದಲ್ಲಿ ಹೋಟೆಲ್ ನಡ್ಕೊಳ್ಳೋದು ಹೆಚ್ಚುಕಮ್ಮಿ ಪಂಚಾಂಗದ ಥರ. ಒಂದು ರಾತ್ರಿಗೆ ಹೆಸರು ಇಡೋದು ಅದು ಯಾವ ಸಂಜೆ ಶುರುವಾಯ್ತೋ ಆ ತಾರೀಖಿನಿಂದ. 14ರ ಸಂಜೆ ಶುರುವಾದ ರಾತ್ರಿ 15ರ ಬೆಳಗಿನ ಜಾವದವರೆಗೂ "14ರ ರಾತ್ರಿ"ಯೇ.

ಯಾಕೆ ಹೀಗೆ? ಒಂದು ರೂಮನ್ನ ಕಣ್ಮುಂದೆ ತಂದ್ಕೊಳ್ಳಿ. 16ನೇ ತಾರೀಖು ಬೆಳಗ್ಗೆ ಹನ್ನೊಂದಕ್ಕೆ ಒಂದು ಕುಟುಂಬ ಖಾಲಿ ಮಾಡುತ್ತೆ. ಹಾಸಿಗೆ ಬಟ್ಟೆ ಬದಲಾಯಿಸಿ, ಬಾತ್‌ರೂಮ್ ತೊಳೀತಾರೆ. ಮಧ್ಯಾಹ್ನ ಅದೇ ರೂಮಿಗೆ ಇನ್ನೊಬ್ಬರು ಬರ್ತಾರೆ. ಅಂದರೆ 16 ಅನ್ನೋ ತಾರೀಖು ಇಬ್ಬರು ಗಿರಾಕಿಗಳಿಗೂ ಸೇರಿದ್ದು. ತಾರೀಖಿನ ಲೆಕ್ಕದಲ್ಲಿ ದುಡ್ಡು ತಗೊಂಡ್ರೆ ಒಂದೇ ರೂಮನ್ನ ಒಂದೇ ದಿನಕ್ಕೆ ಎರಡು ಸಲ ಮಾರಿದ ಹಾಗಾಗುತ್ತೆ. ಆದರೆ 16ರ ರಾತ್ರಿ ಮಾತ್ರ ಒಬ್ಬರದ್ದೇ. ಜಗಳ ಇಲ್ಲದೆ ಎಣಿಸಬಹುದಾದದ್ದು ರಾತ್ರಿ ಒಂದೇ.

ಹಾಗಾಗಿ ಲೆಕ್ಕ ಇಷ್ಟೇ: ಚೆಕ್-ಔಟ್ ತಾರೀಖಿನಿಂದ ಚೆಕ್-ಇನ್ ತಾರೀಖನ್ನ ಕಳೀರಿ. 14ಕ್ಕೆ ಒಳಗೆ, 16ಕ್ಕೆ ಹೊರಗೆ. 16ರಲ್ಲಿ 14 ಹೋದರೆ 2. ಎರಡು ರಾತ್ರಿ. ಚೆಕ್-ಇನ್ ತಾರೀಖು ಲೆಕ್ಕಕ್ಕೆ ಬರುತ್ತೆ, ಚೆಕ್-ಔಟ್ ತಾರೀಖು ಬರಲ್ಲ.

ಇಲ್ಲೇ ನಮ್ಮ ತಲೆ ಎಡವೋದು. ಆಫೀಸಿನಲ್ಲಿ "14ರಿಂದ 16ರವರೆಗೆ ರಜೆ" ಅಂತ ಬರೆದುಕೊಟ್ಟರೆ ಮೂರು ದಿನದ ರಜೆ ಹೋಗುತ್ತೆ. ಎರಡೂ ತುದಿ ಸೇರುತ್ತೆ. ಅದೇ ಅಭ್ಯಾಸದಲ್ಲಿ ಹೋಟೆಲ್‌ಗೂ ಮೂರು ಅಂದ್ಕೊಳ್ತೀವಿ. ಹೊಲಕ್ಕೆ ಬೇಲಿ ಹಾಕೋದನ್ನ ನೋಡಿದ್ದರೆ ಇದು ಸುಲಭವಾಗಿ ಅರ್ಥ ಆಗುತ್ತೆ. ಮೂರು ಕಂಬ ನೆಟ್ಟರೆ ಮಧ್ಯೆ ಸಿಗೋದು ಎರಡೇ ಅಂಕಣ. ತಾರೀಖುಗಳು ಕಂಬ, ರಾತ್ರಿಗಳು ಕಂಬಗಳ ನಡುವಿನ ಜಾಗ. ಹೋಟೆಲ್‌ನವರು ಆ ಜಾಗಕ್ಕೆ ದುಡ್ಡು ಕೇಳ್ತಾರೆ, ಕಂಬಕ್ಕಲ್ಲ.

ಟೂರ್ ಪ್ಯಾಕೇಜ್‌ಗಳ ಜಾಹೀರಾತಿನಲ್ಲಿ "3 ದಿನ, 2 ರಾತ್ರಿ" ಅಂತ ಬರೆಯೋದೂ ಇದೇ ಲೆಕ್ಕ. ಎರಡೂ ಸರಿ, ಸುಳ್ಳೇನಿಲ್ಲ. ಆದರೆ ರೂಮ್ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತೆ ಅಂತ ನೋಡಿ. ಮಧ್ಯಾಹ್ನ ಎರಡಕ್ಕೆ ಚೆಕ್-ಇನ್, ಬೆಳಗ್ಗೆ ಹನ್ನೊಂದಕ್ಕೆ ಚೆಕ್-ಔಟ್ ಆದರೆ ಎರಡು ರಾತ್ರಿ ಅಂದರೆ 45 ಗಂಟೆ. ಮೂರು ದಿನ ಅಂತ ಕೇಳಿದಾಗ ಮನಸ್ಸಿಗೆ ಬರೋ 72 ಗಂಟೆ ಅಲ್ಲ.

ಮಧ್ಯರಾತ್ರಿ ಮೇಲೆ ತಲುಪಿದರೆ

ನನ್ನ ತಪ್ಪಿಗೆ ವಾಪಸ್ ಬರೋಣ. ನನಗೆ ಬೇಕಿದ್ದ ರಾತ್ರಿಗಳು ಯಾವುವು? ಬೆರಳು ಮಡಚಿ ಹೆಸರು ಹೇಳಿದ್ದರೆ ಸಾಕಿತ್ತು: ಶುಕ್ರವಾರದ ರಾತ್ರಿ ಒಂದು, ಶನಿವಾರದ ರಾತ್ರಿ ಎರಡು. ಮೊದಲ ರಾತ್ರಿಯ ಹೆಸರು 14, ಅದೇ ಚೆಕ್-ಇನ್. ಕೊನೆಯ ರಾತ್ರಿಯ ಹೆಸರು 15, ಅದರ ಮರುದಿನ 16 ಚೆಕ್-ಔಟ್. ನಾನು 14ರಿಂದ 16ಕ್ಕೆ ಬುಕ್ ಮಾಡಬೇಕಿತ್ತು. 15ರಿಂದ 16ಕ್ಕೆ ಮಾಡಿದ್ದೆ.

ಅಂದರೆ ನಿಯಮ ಹೀಗೆ: ರಾತ್ರಿ ಹನ್ನೆರಡರಿಂದ ಬೆಳಗಿನ ಜಾವದೊಳಗೆ ತಲುಪಿ, ತಕ್ಷಣ ಮಲಗಬೇಕು ಅಂದರೆ ಹಿಂದಿನ ದಿನದ ತಾರೀಖಿಗೆ ಬುಕ್ ಮಾಡಿ. ಪೂರ್ತಿ ಒಂದು ರಾತ್ರಿಯ ದುಡ್ಡು ಹೋಗುತ್ತೆ, ಕೆಲವೇ ಗಂಟೆ ಮಲಗಿದರೂ. ಯಾಕಂದ್ರೆ ಆ ರೂಮನ್ನ ನಿಮಗಾಗಿ ಹಿಂದಿನ ಮಧ್ಯಾಹ್ನದಿಂದ ಖಾಲಿ ಇಟ್ಟುಕೊಂಡು ಕೂತಿರ್ತಾರೆ.

ಇದರಲ್ಲೇ ಇನ್ನೊಂದು ಹಳ್ಳ ಇದೆ. ನೀವು ಸರಿಯಾಗಿ 14ಕ್ಕೇ ಬುಕ್ ಮಾಡಿದ್ರಿ ಅಂದ್ಕೊಳ್ಳಿ, ಆದರೆ ತಡವಾಗಿ ಬರ್ತೀವಿ ಅಂತ ತಿಳಿಸಲಿಲ್ಲ. ಹೋಟೆಲ್‌ಗಳಲ್ಲಿ ನೈಟ್ ಆಡಿಟ್ ಅಂತ ಒಂದು ಕೆಲಸ ನಡೆಯುತ್ತೆ. ಎಲ್ಲರೂ ಮಲಗಿದ ಮೇಲೆ, ಹಲವು ಕಡೆ ರಾತ್ರಿ ಎರಡು ಮೂರರ ಹೊತ್ತಿಗೆ, ಆ ದಿನದ ಲೆಕ್ಕ ಮುಚ್ಚಿ ಕಂಪ್ಯೂಟರಿನಲ್ಲಿ ಮುಂದಿನ ತಾರೀಖು ತೆರೀತಾರೆ. ಹೋಟೆಲ್ ಮಟ್ಟಿಗೆ ದಿನ ಬದಲಾಗೋದು ಆವಾಗ, ಗಡಿಯಾರದ ಹನ್ನೆರಡಕ್ಕಲ್ಲ. ಅಷ್ಟರೊಳಗೆ ಬಾರದ ಗಿರಾಕಿಯನ್ನ ಬರಲೇ ಇಲ್ಲ ಅಂತ, ಅವರ ಭಾಷೆಯಲ್ಲಿ ನೋ-ಶೋ ಅಂತ ಗುರುತು ಹಾಕಿಬಿಡಬಹುದು. ಹಾಗಾದಾಗ ಕೆಲವು ಕಡೆ ಮೊದಲ ರಾತ್ರಿ ಅಷ್ಟೇ ಅಲ್ಲ, ಉಳಿದ ರಾತ್ರಿಗಳ ಬುಕಿಂಗ್ ಕೂಡ ರದ್ದಾಗುತ್ತೆ. ಹಾಗಾಗಿ ಸಂಜೆ ಬಸ್ ಹತ್ತೋ ಮೊದಲು ಹೋಟೆಲ್‌ಗೇ ಒಂದು ಫೋನ್ ಮಾಡಿ: "14ಕ್ಕೆ ಬುಕಿಂಗ್ ಇದೆ, ತಲುಪೋದು ರಾತ್ರಿ ಒಂದು ಗಂಟೆ ಆಗುತ್ತೆ, ರೂಮ್ ಹಿಡಿದಿಡಿ." ಆ್ಯಪ್‌ನಲ್ಲಿ ಮೆಸೇಜ್ ಹಾಕೋ ಜಾಗ ಇದ್ದರೆ ಅಲ್ಲೂ ಬರೆದಿಡಿ, ದಾಖಲೆ ಇರುತ್ತೆ.

ಬಸ್ ಸ್ಟ್ಯಾಂಡ್ ಲಾಡ್ಜ್‌ನ ಬೇರೆ ಲೆಕ್ಕ

ಆ ರಾತ್ರಿ ನಮ್ಮನ್ನ ಕಾಪಾಡಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹಳೇ ಲಾಡ್ಜ್. ಒಂದೂಕಾಲಿಗೆ ಹೋದೆವು. ಕೌಂಟರ್‌ನಲ್ಲಿದ್ದ ಯಜಮಾನರು ದೊಡ್ಡ ರಿಜಿಸ್ಟರ್ ತೆಗೆದು ಹೆಸರು, ಊರು, ಬಂದ ಸಮಯ ಬರೆಸಿಕೊಂಡ್ರು. "ಎಷ್ಟೊತ್ತಿಗೆ ಖಾಲಿ ಮಾಡಬೇಕು?" ಅಂತ ಕೇಳಿದೆ. "ಈಗ ಬಂದಿದೀರಲ್ಲ, ನಾಳೆ ಇಷ್ಟೊತ್ತಿಗೆ. ನಮ್ಮದು ಇಪ್ಪತ್ನಾಲ್ಕು ಗಂಟೆ" ಅಂದ್ರು.

ಇದು ಎರಡನೇ ಥರದ ಲೆಕ್ಕ. ನಮ್ಮ ಕಡೆ ಎಷ್ಟೋ ಲಾಡ್ಜ್‌ಗಳಲ್ಲಿ ಈಗಲೂ ಹೀಗೇ ನಡೆಯುತ್ತೆ. ಇಲ್ಲಿ ರಾತ್ರಿಯೂ ಇಲ್ಲ, ತಾರೀಖೂ ಇಲ್ಲ. ನೀವು ಬಂದ ಗಳಿಗೆಯಿಂದ ಗಡಿಯಾರ ಓಡುತ್ತೆ. ಹೊತ್ತಲ್ಲದ ಹೊತ್ತಲ್ಲಿ ಬರೋರಿಗೆ ಇದು ಅನುಕೂಲ. ಆದರೆ ಅಪಾಯ ಇರೋದು ಕೊನೆಯಲ್ಲಿ. ಬೆಳಗ್ಗೆ ಆರಕ್ಕೆ ಬಂದವರು ಮರುದಿನ ಬೆಳಗ್ಗೆ ಆರಕ್ಕೇ ಬಿಡಬೇಕು. ಸ್ನಾನ, ತಿಂಡಿ ಮುಗಿಸಿ ಒಂಬತ್ತಕ್ಕೆ ಕೀ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಕೇಳಬಹುದು. ಎಷ್ಟು ಹೊತ್ತು ತಡವಾದರೆ ಬಿಡ್ತೀರಿ ಅಂತ ಕೀ ತಗೊಳ್ಳೋವಾಗಲೇ ಕೇಳಿ, ಮತ್ತೆ ರಿಜಿಸ್ಟರ್‌ನಲ್ಲಿ ಬರೆದ ಸಮಯದ ಫೋಟೋ ತೆಗೆದಿಟ್ಟುಕೊಳ್ಳಿ.

ನಾವು ಆ ರೂಮ್‌ನಲ್ಲಿ ಇದ್ದದ್ದು ಶನಿವಾರ ಮಧ್ಯಾಹ್ನದವರೆಗೆ. ಆಮೇಲೆ ಬುಕ್ ಮಾಡಿದ್ದ ಹೋಟೆಲ್‌ಗೆ ಹೋದೆವು. ಇಪ್ಪತ್ನಾಲ್ಕು ಗಂಟೆಗೆ ದುಡ್ಡು ಕೊಟ್ಟು ಹನ್ನೊಂದು ಗಂಟೆ ಬಳಸಿದ ಹಾಗಾಯ್ತು. ಅಜ್ಜಿಗೆ ಅರ್ಧ ರಾತ್ರಿ ನಿದ್ದೆ ಇಲ್ಲದೆ ಬೆಳಗ್ಗೆ ಹಂಪಿಗೆ ಹೋಗೋ ಶಕ್ತಿ ಇರಲಿಲ್ಲ. ವಿರೂಪಾಕ್ಷನ ದರ್ಶನ ಸಂಜೆಗೆ ಆಯ್ತು. ವಿಠಲ ದೇವಸ್ಥಾನ, ಕಲ್ಲಿನ ರಥ ನೋಡೋದಕ್ಕೆ ಆಗಲೇ ಇಲ್ಲ.

ಒಂದೇ ಪ್ರವಾಸ, ಮೂರು ಲೆಕ್ಕ

ಈಗ ನಿಮ್ಮದೇ ಒಂದು ಪ್ರವಾಸ ತಗೊಳ್ಳೋಣ. ಬೆಂಗಳೂರಿನ ಹುಡುಗರು ಸಾಮಾನ್ಯವಾಗಿ ಮಾಡೋ ಪ್ಲಾನ್ ಇದು. ಶುಕ್ರವಾರ ರಾತ್ರಿ ಬಸ್, ಶನಿವಾರ ಬೆಳಗ್ಗೆ ಆರಕ್ಕೆ ಹೊಸಪೇಟೆ. ಭಾನುವಾರ ರಾತ್ರಿ ಒಂಬತ್ತೂವರೆಗೆ ವಾಪಸ್ ಬಸ್. ಲೆಕ್ಕಕ್ಕೆ ಅಂತ ರೂಮ್ ಬಾಡಿಗೆ 2,000 ರೂಪಾಯಿ ಇಟ್ಟುಕೊಳ್ಳಿ.

ಊರಲ್ಲಿ ಇರೋದು ಮೂವತ್ತೊಂಬತ್ತೂವರೆ ಗಂಟೆ. ತಾರೀಖು ಎರಡು. ಆದರೆ ಅಲ್ಲಿ ಮಲಗೋ ರಾತ್ರಿ ಒಂದೇ, ಶನಿವಾರದ್ದು. ಶುಕ್ರವಾರದ ಮತ್ತು ಭಾನುವಾರದ ರಾತ್ರಿಗಳನ್ನ ಬಸ್ಸಲ್ಲಿ ಕಳೀತೀರಿ. ಹಾಗಾಗಿ ಶನಿವಾರದಿಂದ ಭಾನುವಾರಕ್ಕೆ ಒಂದು ರಾತ್ರಿ ಬುಕ್ ಮಾಡಿದರೆ 2,000ದಲ್ಲಿ ಮುಗೀತು. ಆದರೆ ಶನಿವಾರ ಆರರಿಂದ ಹನ್ನೆರಡರವರೆಗೆ ರೂಮ್ ಇಲ್ಲ, ಭಾನುವಾರ ಹನ್ನೊಂದರಿಂದ ರಾತ್ರಿವರೆಗೂ ಇಲ್ಲ. ಬ್ಯಾಗನ್ನ ರಿಸೆಪ್ಷನ್‌ನಲ್ಲಿ ಇಡಬಹುದಾ, ಮುಖ ತೊಳೆಯೋಕೆ ಜಾಗ ಇದೆಯಾ ಅಂತ ಮೊದಲೇ ಕೇಳಿದರೆ ಇಷ್ಟೇ ಸಾಕಾಗಬಹುದು.

ಬೆಳಗ್ಗೆ ಆರಕ್ಕೇ ಹಾಸಿಗೆ ಖಚಿತವಾಗಿ ಬೇಕು ಅಂದರೆ ಶುಕ್ರವಾರದ ರಾತ್ರಿಯನ್ನೂ ಕೊಳ್ಳಬೇಕು. ಎರಡು ರಾತ್ರಿ, 4,000. ಮಧ್ಯದ ದಾರಿ ಅರ್ಲಿ ಚೆಕ್-ಇನ್. ಹಿಂದಿನ ರಾತ್ರಿ ರೂಮ್ ಖಾಲಿ ಇದ್ದರೆ ಸ್ವಲ್ಪ ದುಡ್ಡು ತಗೊಂಡು ಬೇಗ ಬಿಡ್ತಾರೆ. ಅದು ಮಾತು ಅಷ್ಟೇ, ಗ್ಯಾರಂಟಿ ಅಲ್ಲ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅದನ್ನ ನಂಬಿಕೊಂಡು ಹೊರಡಬೇಡಿ.

ಈಗ ಬೈಕ್. ಬಾಡಿಗೆ ಬೈಕಿನವರಿಗೆ ರಾತ್ರಿಯ ಲೆಕ್ಕ ಇಲ್ಲ. ಕೆಲವರು 24 ಗಂಟೆಗೆ ಒಂದು ದಿನ ಅಂತಾರೆ, ಕೆಲವರು ತಾರೀಖಿಗೆ ಒಂದು ದಿನ ಅಂತಾರೆ. ಶನಿವಾರ ಸಂಜೆ ಆರಕ್ಕೆ ತಗೊಂಡು ಭಾನುವಾರ ಸಂಜೆ ಆರಕ್ಕೆ ಕೊಟ್ಟರೆ ಮೊದಲನೆಯವರಿಗೆ ಒಂದು ದಿನ, ಎರಡನೆಯವರಿಗೆ ಎರಡು ದಿನ. ಬೈಕ್ ಅದೇ, ಓಡಿಸಿದ ಗಂಟೆಯೂ ಅಷ್ಟೇ, ಬಿಲ್ ಮಾತ್ರ ದುಪ್ಪಟ್ಟು. "ದಿನಕ್ಕೆ ಎಷ್ಟು?" ಅಂತ ಕೇಳಿದರೆ ಸಾಲದು. "ನಿಮ್ಮ ದಿನ ಅಂದರೆ ಯಾವಾಗಿಂದ ಯಾವಾಗಿನವರೆಗೆ?" ಅಂತ ಕೇಳಿ. ತಾರೀಖಿನ ಲೆಕ್ಕದವರು ಆದರೆ ಸಂಜೆ ತಗೊಳ್ಳೋ ಬದಲು ಭಾನುವಾರ ಬೆಳಗ್ಗೆ ತಗೊಳ್ಳಿ, ಒಂದು ದಿನದಲ್ಲೇ ಮುಗಿಯುತ್ತೆ.

ವಿದೇಶಕ್ಕೆ ಹೋಗೋ ಪ್ಲಾನ್ ಇರೋರಿಗೆ ಒಂದೇ ಒಂದು ಮಾತು. ಯುರೋಪಿನ ಷೆಂಗೆನ್ ವೀಸಾದಲ್ಲಿ ದಿನ ಎಣಿಸೋವಾಗ ಇಳಿದ ದಿನವೂ ಸೇರುತ್ತೆ, ಹೊರಟ ದಿನವೂ ಸೇರುತ್ತೆ. ಜೂನ್ 1ಕ್ಕೆ ಇಳಿದು 10ಕ್ಕೆ ಹೊರಟರೆ ಹೋಟೆಲ್ ಲೆಕ್ಕದಲ್ಲಿ 9 ರಾತ್ರಿ, ವೀಸಾ ಲೆಕ್ಕದಲ್ಲಿ 10 ದಿನ. ಹೋಟೆಲ್ ಬಿಲ್ ನೋಡಿ ವೀಸಾ ದಿನ ಎಣಿಸಿದರೆ ಒಂದು ದಿನ ಹೆಚ್ಚು ಉಳಿದುಕೊಂಡುಬಿಡೋ ಅಪಾಯ ಇದೆ. ಅಲ್ಲಿ ಅದು ಬರೀ ದುಡ್ಡಿನ ವಿಷಯ ಆಗಿರಲ್ಲ.

ದುಡ್ಡು ಕಟ್ಟೋ ಮೊದಲು, ಕಟ್ಟಿದ ಮೇಲೆ

ಆ್ಯಪ್‌ನ ಕ್ಯಾಲೆಂಡರ್‌ನಲ್ಲಿ ಚೆಕ್-ಔಟ್ ದಿನದ ಚೌಕಕ್ಕೂ ಬಣ್ಣ ಬರುತ್ತೆ. 14, 15, 16 ಮೂರಕ್ಕೂ ಬಣ್ಣ ಇದ್ದರೂ ರಾತ್ರಿ ಎರಡೇ. ಹಾಗಾಗಿ ಬಣ್ಣ ನೋಡಬೇಡಿ, ಪಕ್ಕದಲ್ಲಿ `2 Nights` ಅಂತ ಬರೆದಿರುತ್ತಲ್ಲ, ಅದನ್ನ ಓದಿ. ನಿಮ್ಮ ಬೆರಳೆಣಿಕೆಗೂ ಅದಕ್ಕೂ ತಾಳೆ ಆಗದಿದ್ದರೆ ಅಲ್ಲೇ ನಿಲ್ಲಿಸಿ.

ತಿಂಗಳು ದಾಟೋವಾಗ ಕಳೆಯೋ ಲೆಕ್ಕ ಸ್ವಲ್ಪ ಕೈಕೊಡುತ್ತೆ. ಅಕ್ಟೋಬರ್ 30ಕ್ಕೆ ಹೋಗಿ ನವೆಂಬರ್ 2ಕ್ಕೆ ಬಂದರೆ? ರಾತ್ರಿಗಳ ಹೆಸರು ಹೇಳಿ: 30ರ ರಾತ್ರಿ, 31ರ ರಾತ್ರಿ, 1ರ ರಾತ್ರಿ. ಮೂರು. 2ರ ರಾತ್ರಿ ನಿಮ್ಮ ಮನೆಯಲ್ಲಿ. ಗ್ರೂಪ್ ಟ್ರಿಪ್‌ನ ಖರ್ಚನ್ನ ಶೀಟ್‌ನಲ್ಲಿ ಹಾಕೋ ಅಭ್ಯಾಸ ಇದ್ದರೆ A2ರಲ್ಲಿ ಚೆಕ್-ಇನ್, B2ರಲ್ಲಿ ಚೆಕ್-ಔಟ್ ತಾರೀಖು ಹಾಕಿ, ಮುಂದಿನ ಮನೆಯಲ್ಲಿ ಹೀಗೆ ಬರೀರಿ:

```
=B2-A2
```

ಇದು ರಾತ್ರಿಗಳ ಸಂಖ್ಯೆ ಕೊಡುತ್ತೆ. ತಾರೀಖುಗಳ ಸಂಖ್ಯೆ ಬೇಕಿದ್ದರೆ, ಅಂದರೆ ತಾರೀಖಿನ ಲೆಕ್ಕದ ಬೈಕಿಗೋ ವೀಸಾಕ್ಕೋ, ಅದಕ್ಕೆ ಒಂದು ಕೂಡಿಸಿ. ಅಷ್ಟೇ ವ್ಯತ್ಯಾಸ.

ಕೊನೆಯಲ್ಲಿ ಬಿಲ್. ಹೋಟೆಲಿನ ವಿವರವಾದ ಬಿಲ್‌ನಲ್ಲಿ ಪ್ರತಿ ರಾತ್ರಿಗೂ ಒಂದು ಸಾಲು, ಪಕ್ಕದಲ್ಲಿ ತಾರೀಖು ಇರುತ್ತೆ. ಎರಡು ರಾತ್ರಿ ಇದ್ದರೆ ರೂಮ್ ಬಾಡಿಗೆಯ ಸಾಲು ಎರಡೇ ಇರಬೇಕು, 14ರದ್ದು ಮತ್ತು 15ರದ್ದು. ಚೆಕ್-ಔಟ್ ದಿನವಾದ 16ರ ಪಕ್ಕದಲ್ಲೂ ರೂಮ್ ಬಾಡಿಗೆ ಕಾಣಿಸಿದರೆ ಅದು ತಡವಾಗಿ ಖಾಲಿ ಮಾಡಿದ್ದಕ್ಕೆ ಹಾಕಿದ್ದಾ, ಇಲ್ಲ ತಪ್ಪಾಗಿ ಬಂದಿದ್ದಾ ಅಂತ ಕೌಂಟರ್‌ನಲ್ಲೇ ನಿಂತು ಕೇಳಿ. ಊಟದ ಬಿಲ್ 16ಕ್ಕೆ ಇರಬಹುದು, ಅದು ಬೇರೆ.

ನನ್ನ ಕಥೆಯ ಕೊನೆ ಹೇಳಿ ಮುಗಿಸ್ತೀನಿ. ಈ ವರ್ಷ ಅಜ್ಜಿಯನ್ನ ಮತ್ತೆ ಹಂಪಿಗೆ ಕರ್ಕೊಂಡು ಹೋಗ್ತೀನಿ, ಕಲ್ಲಿನ ರಥ ತೋರಿಸೋ ಸಾಲ ಬಾಕಿ ಇದೆ. ಮೊನ್ನೆ ಅವರ ಪಕ್ಕದಲ್ಲೇ ಕೂತು ಬುಕ್ ಮಾಡಿದೆ. ಬಸ್ ಅದೇ, ತಲುಪೋ ಹೊತ್ತೂ ಅದೇ. "ಅಜ್ಜಿ, ಯಾವ ತಾರೀಖು ಹಾಕ್ಲಿ?" ಅಂತ ಕೇಳಿದೆ.

"ಮನೆ ಬಿಡೋದು ಯಾವತ್ತೋ, ಅವತ್ತಿಂದು ಹಾಕೋ" ಅಂದ್ರು.

ಹಾಕಿದೆ. ಕೆಳಗೆ `2 Nights` ಅಂತ ಬಂತು. ಈ ಸಲ ಓದಿದೆ.

ವೀಕೆಂಡ್‌ಗೆ ಹೊರಟಿರೋ ಫ್ರೆಂಡ್ ಯಾರಾದ್ರೂ ಇದ್ದರೆ ಈ ಸಂಚಿಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.